ಮೂರು ಪರ್ಸೆಂಟ್ ಹಿಂದೆ, ನಲವತ್ತಾರು ದಿನ ತಡ

ಪ್ರತಿ ತಿಂಗಳ ಕೊನೆಗೆ ನನ್ನ ಮೇಜಿನ ಮೇಲೆ ಪ್ರಗತಿ ವರದಿಗಳು ಬಂದು ಬೀಳುತ್ತವೆ. ಪುಣೆಯಲ್ಲಿ ಇಪ್ಪತ್ತು ವರ್ಷಗಳಿಂದ ಸಿವಿಲ್ ಕಾಮಗಾರಿಗಳ ಮೇಲ್ವಿಚಾರಣೆ ಮಾಡುವ ಸಲಹಾ ಸಂಸ್ಥೆಗಳಲ್ಲಿ ದುಡಿದಿದ್ದೇನೆ. ಹಾಗಾಗಿ ಈ ವರದಿಗಳನ್ನು ಬರೆದದ್ದೂ ಉಂಟು, ಬರೆಸಿದ್ದೂ ಉಂಟು, ತಿದ್ದಿದ್ದೂ ಉಂಟು. ಇಷ್ಟು ವರ್ಷಗಳಲ್ಲಿ ಹಸಿ ಸುಳ್ಳು ಬರೆದ ವರದಿ ನೋಡಿದ್ದು ತೀರಾ ಕಡಿಮೆ. ಒಂದೊಂದು ವಾಕ್ಯವೂ ನಿಜವಾಗಿದ್ದು, ಓದಿ ಮುಗಿಸಿದವರಿಗೆ ಏನೂ ತಿಳಿಯದ ವರದಿಗಳನ್ನು ಮಾತ್ರ ನೂರಾರು ನೋಡಿದ್ದೇನೆ.

ಅಂಥದೊಂದನ್ನು ಎತ್ತಿಕೊಂಡು, ಅದನ್ನು ಹೇಗೆ ತಿದ್ದಿದೆವು ಎಂದು ಹೇಳುತ್ತೇನೆ.

ಕೆಲಸ ಒಂದು ಊರಿನ ಕೊಳಚೆ ನೀರಿನ ಪಂಪಿಂಗ್ ಸ್ಟೇಷನ್ನಿನದು. ನಡುವೆ 14 ಮೀಟರ್ ಆಳದ ದುಂಡನೆಯ ಕಾಂಕ್ರೀಟ್ ಬಾವಿ. ಇಂಥ ಬಾವಿಯನ್ನು ಮೊದಲು ಅಗೆದು ಆಮೇಲೆ ಕಟ್ಟುವುದಿಲ್ಲ. ನೆಲದ ಮೇಲೆ ಗೋಡೆಯ ಒಂದು ಸುತ್ತು ಕಟ್ಟಿ, ಒಳಗಿನ ಮಣ್ಣು ತೆಗೆಯುತ್ತ ಹೋದರೆ ಅದು ತನ್ನ ಭಾರಕ್ಕೇ ಇಳಿಯುತ್ತದೆ. ಅದರ ಮೇಲೆ ಇನ್ನೊಂದು ಸುತ್ತು ಕಟ್ಟಿ ಮತ್ತೆ ಇಳಿಸುತ್ತಾರೆ. ತಳ ಮುಟ್ಟಿದ ಮೇಲೆ ಕಾಂಕ್ರೀಟ್ ಸುರಿದು ಮುಚ್ಚುತ್ತಾರೆ, ಅದಕ್ಕೆ ಬಾಟಮ್ ಪ್ಲಗ್ ಎನ್ನುತ್ತಾರೆ. ಮೂಲ ವೇಳಾಪಟ್ಟಿಯಂತೆ ಪ್ಲಗ್ ಜುಲೈ 31ಕ್ಕೆ ಮುಗಿಯಬೇಕಿತ್ತು, ಸ್ಟೇಷನ್ ಜನವರಿ 31ಕ್ಕೆ ಚಾಲೂ ಆಗಬೇಕಿತ್ತು.

ನಮ್ಮ ಕಿರಿಯ ಇಂಜಿನಿಯರ್ ಆಗಸ್ಟ್ ಕೊನೆಗೆ ತಂದ ಕರಡಿನಲ್ಲಿ ಹೀಗಿತ್ತು: "ಒಟ್ಟು ಪ್ರಗತಿ ಶೇ. 68, ಯೋಜಿತ ಪ್ರಗತಿ ಶೇ. 71. ಅನಿರೀಕ್ಷಿತ ಭೂಗರ್ಭ ಪರಿಸ್ಥಿತಿ, ಭಾರೀ ಮಳೆ ಹಾಗೂ ಕಾರ್ಮಿಕರ ಕೊರತೆಯಿಂದ ಬಾವಿಯ ಕೆಲಸದ ವೇಗ ಬಾಧಿತವಾಗಿದೆ. ಹೆಚ್ಚುವರಿ ಸಂಪನ್ಮೂಲ ನಿಯೋಜಿಸಿ ವಿಳಂಬ ಸರಿದೂಗಿಸಲು ಎಲ್ಲ ಪ್ರಯತ್ನಗಳೂ ನಡೆದಿವೆ."

ಮೊದಲು ಆ ಶೇಕಡಾ ಲೆಕ್ಕ ನೋಡೋಣ. ಮೂರು ಪರ್ಸೆಂಟ್ ಹಿಂದೆ ಎಂದರೆ ಯಾರಿಗೂ ಗಾಬರಿಯಾಗುವುದಿಲ್ಲ. ಆದರೆ ಈ ಪರ್ಸೆಂಟ್ ಲೆಕ್ಕ ಹಾಕುವುದು ಹಣದ ಮೇಲೆ. ಬೆಲೆಬಾಳುವ ಪಂಪುಗಳು ಮತ್ತು ಪೈಪುಗಳು ಸೈಟಿಗೆ ಬಂದು ಟಾರ್ಪಾಲಿನ ಕೆಳಗೆ ಕೂತಿದ್ದವು, ಅವುಗಳ ಬೆಲೆ 'ಪ್ರಗತಿ'ಯಲ್ಲಿ ಸೇರಿತ್ತು. ಬಾವಿ ಇಳಿಯದೆ ಆ ಪಂಪುಗಳನ್ನು ಕೂರಿಸಲು ಜಾಗವೇ ಇಲ್ಲ. ಹಣ ಎಷ್ಟು ಖರ್ಚಾಯಿತು ಎಂಬುದಕ್ಕೆ ಶೇಕಡಾ ಉತ್ತರ ಕೊಡುತ್ತದೆ. ಯಾವಾಗ ಮುಗಿಯುತ್ತದೆ ಎಂಬುದಕ್ಕೆ ಉತ್ತರ ಕೊಡಬೇಕಾದ್ದು ದಿನಾಂಕ.

ಹಾಗಾಗಿ ಮೊದಲ ಸಾಲನ್ನು ತೆಗೆದು ಮೂರು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟೆವು. ಬಾಟಮ್ ಪ್ಲಗ್: ಮೂಲ ದಿನಾಂಕ ಜುಲೈ 31, ಕಳೆದ ತಿಂಗಳ ಅಂದಾಜು ಆಗಸ್ಟ್ 25, ಈ ತಿಂಗಳ ಅಂದಾಜು ಸೆಪ್ಟೆಂಬರ್ 15. ಮೂಲಕ್ಕಿಂತ 46 ದಿನ ತಡ, ಕಳೆದ ಒಂದೇ ತಿಂಗಳಲ್ಲಿ 21 ದಿನ ಜಾರಿದೆ.

ನಡುವಿನ ದಿನಾಂಕವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅದೇ ಮುಖ್ಯ. ತಡವಾಗಿದೆ ಎಂಬುದು ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಅಂದಾಜನ್ನು ನಂಬಬಹುದೇ ಎಂಬುದು ಆ ನಡುವಿನ ಅಂಕಿಯಿಂದ ತಿಳಿಯುತ್ತದೆ. 150 ಕೋಟಿ ರೂಪಾಯಿ ಮತ್ತು ಮೇಲ್ಪಟ್ಟ ಕೇಂದ್ರ ಯೋಜನೆಗಳ ಮೇಲೆ ನಿಗಾ ಇಡುವ ಸಾಂಖ್ಯಿಕ ಸಚಿವಾಲಯದ ವರದಿಗಳಲ್ಲೂ, ಮೂಲ ದಿನಾಂಕಕ್ಕೆ ಹೋಲಿಸಿದ ವಿಳಂಬವನ್ನೂ ಹಿಂದಿನ ತಿಂಗಳು ಹೇಳಿದ್ದಕ್ಕಿಂತ ಹೆಚ್ಚಾದ ವಿಳಂಬವನ್ನೂ ಬೇರೆ ಬೇರೆಯಾಗಿ ಕೊಟ್ಟದ್ದುಂಟು. ವೇಳಾಪಟ್ಟಿಯನ್ನು ಪರಿಷ್ಕರಿಸಿ, ಹಳೆಯ ದಿನಾಂಕ ಅಳಿಸಿ, 'ಯೋಜನೆಯಂತೆ ನಡೆದಿದೆ' ಎಂದು ಬರೆಯುವ ದಾರಿ ಹೀಗೆ ಬರೆದರೆ ಮುಚ್ಚಿಹೋಗುತ್ತದೆ.

ಇನ್ನು ಕಾರಣಗಳು. ಕರಡಿನಲ್ಲಿದ್ದ ಮೂರರಲ್ಲಿ ಯಾವುದಕ್ಕೆ ಎಷ್ಟು ದಿನ ಎಂದು ಕೇಳಿದೆ. ಹುಡುಗ ಸೈಟ್ ಡೈರಿ ತೆಗೆದುಕೊಂಡು ಕುಳಿತ.

ಮೊದಲು ಮಳೆ. ಪುಣೆಯ ಕಡೆ ಮಳೆಗಾಲ ಪ್ರತಿ ವರ್ಷ ಬರುತ್ತದೆ, ಅದನ್ನು ಅನಿರೀಕ್ಷಿತ ಎನ್ನಲಾಗದು. ಜೂನ್‌ನಿಂದ ಆಗಸ್ಟ್‌ವರೆಗೆ 20 ದಿನ ಕೆಲಸ ನಿಲ್ಲುತ್ತದೆ ಎಂದು ವೇಳಾಪಟ್ಟಿಯಲ್ಲೇ ಬಿಟ್ಟಿದ್ದೆವು. ನಿಜಕ್ಕೂ ನಿಂತದ್ದು 24 ದಿನ. ಅಂದರೆ ಮಳೆಯ ಲೆಕ್ಕಕ್ಕೆ ಬರುವುದು 4 ದಿನ ಮಾತ್ರ. ಇನ್ನು ಕಾರ್ಮಿಕರ ಕೊರತೆ. ಆಳಿಲ್ಲದೆ ಬಾವಿಯ ಕೆಲಸ ನಿಂತ ಒಂದು ದಿನವನ್ನೂ ಡೈರಿಯಲ್ಲಿ ತೋರಿಸಲಾಗಲಿಲ್ಲ. ಆ ಕಾರಣವನ್ನು ಹೊಡೆದುಹಾಕಿದೆವು.

'ಭೂಗರ್ಭ ಪರಿಸ್ಥಿತಿ' ಎಂದರೆ ಬಂಡೆ. 8 ಮೀಟರ್ ಆಳದಲ್ಲಿ ಬಾವಿಯ ಪೂರ್ವದ ಅಂಚು ಬಂಡೆಯ ಮೇಲೆ ಕೂತಿತು, ಪಶ್ಚಿಮದ ಅಂಚು ಮೆತ್ತನೆಯ ಮುರಮಿನಲ್ಲಿ ಇಳಿಯುತ್ತಲೇ ಹೋಯಿತು. ಬಾವಿ ವಾಲಿತು. ಎತ್ತರವಾಗಿ ನಿಂತ ಕಡೆ ಭಾರ ಹೇರಿ, ಅಂಚಿನ ಕೆಳಗಿನ ಬಂಡೆ ಒಡೆದು, ನೆಟ್ಟಗೆ ಮಾಡಲು ಜುಲೈ 3ರಿಂದ 26ರವರೆಗೆ 24 ದಿನ ಹಿಡಿಯಿತು. ಆ ದಿನಗಳಲ್ಲಿ ಸುರಿದ ಮಳೆಯನ್ನು ಎರಡನೇ ಸಲ ಎಣಿಸಲಿಲ್ಲ.

24ಕ್ಕೆ 4 ಸೇರಿಸಿದರೆ 28. ತಡವಾದದ್ದು 46. ಉಳಿದ 18 ದಿನ ಎಲ್ಲಿ ಹೋದವು?

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸರ್, ಅದು ನಮ್ಮ ಡ್ರಾಯಿಂಗು" ಎಂದ. ಗೋಡೆಯ ಮೂರನೇ ಸುತ್ತಿನ ಕಬ್ಬಿಣದ ನಕ್ಷೆಯನ್ನು ನಮ್ಮ ಡಿಸೈನ್ ಆಫೀಸು ಮೇ 2ಕ್ಕೆ ಕೊಡಬೇಕಿತ್ತು, ಕೊಟ್ಟದ್ದು ಮೇ 20ಕ್ಕೆ. ಕರಡಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಮಳೆ ಮತ್ತು ಕಾರ್ಮಿಕರು ಯಾಕೆ ಬಂದು ಸೇರಿಕೊಂಡಿದ್ದರು ಎಂದು ಆಗ ಅರ್ಥವಾಯಿತು.

ಇದರಿಂದ ನಾನು ಕಲಿತ ಪರೀಕ್ಷೆ ಸರಳ. ಪ್ರತಿ ಕಾರಣದ ಮುಂದೆ ದಿನಗಳನ್ನು ಬರೆದು ಕೂಡಿಸಿ. ಒಟ್ಟು ಮೊತ್ತ ವಿಳಂಬಕ್ಕೆ ಸರಿಹೊಂದದಿದ್ದರೆ ಏನೋ ಬಿಟ್ಟುಹೋಗಿದೆ. ಬಿಟ್ಟುಹೋದದ್ದು ಬಹುತೇಕ ಬರೆಯುವವರ ಕಡೆಯದೇ ಆಗಿರುತ್ತದೆ.

"ಇದನ್ನ ಹೀಗೇ ಬರೆದ್ರೆ ನಮ್ಮ ತಲೆ ಮೇಲೇ ಬರುತ್ತಲ್ಲ ಸರ್?" ಎಂದು ಹುಡುಗ ಕೇಳಿದ. ಅವನ ಭಯ ಸುಳ್ಳಲ್ಲ. ನಮ್ಮಲ್ಲಿ ವಿಳಂಬದ ಹಿಂದೆ ದಂಡ ಇದೆ, ಅವಧಿ ವಿಸ್ತರಣೆಯ ಅರ್ಜಿ ಇದೆ, ಆಮೇಲೆ ಪಂಚಾಯ್ತಿಕೆ ಇದೆ. ಇಂದು ಬರೆದ ವಾಕ್ಯವನ್ನು ಮೂರು ವರ್ಷಗಳ ನಂತರ ವಕೀಲರೊಬ್ಬರು ಗಟ್ಟಿಯಾಗಿ ಓದಬಹುದು. ಕಾನೂನು ವಿಭಾಗದವರು ಎಚ್ಚರಿಕೆ ಹೇಳುವುದರಲ್ಲಿ ತಪ್ಪೇನಿಲ್ಲ.

ಆದರೆ ಅದಕ್ಕೆ ಬೇರೆ ಕಾಗದಗಳಿವೆ. ಸರ್ಕಾರಿ ಕಾಮಗಾರಿಗಳಲ್ಲಿ ಹಿಂಡ್ರೆನ್ಸ್ ರಿಜಿಸ್ಟರ್ ಇಡುತ್ತಾರೆ. ಯಾವ ಅಡ್ಡಿ ಯಾವ ದಿನ ಶುರುವಾಯಿತು, ಯಾವ ದಿನ ತೀರಿತು ಎಂದು ಅದರಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕುತ್ತಾರೆ. 1999ರ ಫಿಡಿಕ್ ಕರಾರಿನಂತೆ, ಹೆಚ್ಚುವರಿ ಸಮಯ ಕೇಳುವ ಗುತ್ತಿಗೆದಾರ ಅಡ್ಡಿ ತಿಳಿದ 28 ದಿನಗಳೊಳಗೆ ನೋಟಿಸ್ ಕೊಡಬೇಕು. ಯಾರು ಹೊಣೆ ಎಂಬ ವಾದಕ್ಕೆ ಜಾಗ ಅಲ್ಲಿದೆ. ತಿಂಗಳ ವರದಿಯಲ್ಲಿ ಅದೇ ಕರಾರು ಕೇಳುವುದು ಯೋಜಿತ ಮತ್ತು ನಿಜವಾದ ಪ್ರಗತಿಯ ಹೋಲಿಕೆ, ಕೆಲಸ ಮುಗಿಯುವುದಕ್ಕೆ ತೊಡಕಾಗಬಹುದಾದ ಸಂಗತಿಗಳು, ಅವಕ್ಕೆ ಕೈಗೊಂಡ ಕ್ರಮ ಮೊದಲಾದವು.

ಆದ್ದರಿಂದ ನಾವು "ನಮ್ಮ ಬೇಜವಾಬ್ದಾರಿಯಿಂದ" ಎಂದು ಬರೆಯಲಿಲ್ಲ. "ನಕ್ಷೆ ಕೊಡಬೇಕಿದ್ದ ದಿನ ಮೇ 2, ಕೊಟ್ಟ ದಿನ ಮೇ 20, ಪರಿಣಾಮ 18 ದಿನ" ಎಂದಷ್ಟೇ ಬರೆದೆವು. ಬಂಡೆಯ ಬಗ್ಗೆಯೂ ಹಾಗೆಯೇ: "ಟೆಂಡರಿನ ಎರಡು ಬೋರ್‌ಗಳಲ್ಲಿ 14 ಮೀಟರ್‌ವರೆಗೆ ಬಂಡೆ ಕಂಡಿಲ್ಲ, ಪೂರ್ವದ ಅಂಚಿನಲ್ಲಿ 8 ಮೀಟರಿಗೆ ಸಿಕ್ಕಿದೆ." ನಕ್ಷೆ ಕೊಟ್ಟ ದಿನ ಗುತ್ತಿಗೆದಾರರ ಕಡತದಲ್ಲಿ ಹೇಗೂ ಇತ್ತು. ಮುಚ್ಚಿಟ್ಟರೆ ದಿನಾಂಕ ಬದಲಾಗುವುದಿಲ್ಲ, ನಮ್ಮ ಉಳಿದ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ. ಇದು ಗುತ್ತಿಗೆದಾರರಿಗೂ ಅನ್ವಯಿಸುತ್ತದೆ. ಆರು ತಿಂಗಳು 'ಎಲ್ಲ ಸರಿಯಾಗಿದೆ' ಎಂದು ಬರೆದವರು ಏಳನೇ ತಿಂಗಳು 'ಮೊದಲ ತಿಂಗಳಿಂದಲೇ ತಡವಾಗಿತ್ತು, ಹೆಚ್ಚು ಸಮಯ ಕೊಡಿ' ಎಂದು ಕೇಳಿದರೆ, ಅವರ ವರದಿಯೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ.

ಕೊನೆಯದು, ತಡವನ್ನು ಹೇಗೆ ತುಂಬಿಕೊಳ್ಳುತ್ತೇವೆ ಎಂಬುದು. 'ಹೆಚ್ಚುವರಿ ಸಂಪನ್ಮೂಲ' ಎಂಬ ಮಾತಿನಲ್ಲಿ ಯಾವ ಯಂತ್ರ, ಎಷ್ಟು ಜನ, ಎಂದು ಬರುತ್ತಾರೆ ಎಂಬ ಯಾವುದೂ ಇಲ್ಲ. ಜುಲೈ ತಿಂಗಳ ವರದಿ ಕೆಟ್ಟದ್ದೂ ಇಲ್ಲೇ. ಆಗ 5.4 ಮೀಟರ್ ಇಳಿಸುವುದು ಬಾಕಿ ಇತ್ತು. ಗುತ್ತಿಗೆದಾರರು ಇನ್ನು ದಿನಕ್ಕೆ 30 ಸೆಂಟಿಮೀಟರ್ ಇಳಿಸುತ್ತೇವೆ ಎಂದರು. 18 ದಿನದಲ್ಲಿ ತಳ, ಇನ್ನೊಂದು ವಾರಕ್ಕೆ ಪ್ಲಗ್, ಹೀಗೆ ಆಗಸ್ಟ್ 25 ಎಂದು ಲೆಕ್ಕ ಹಾಕಿದೆವು. ಆಗಸ್ಟ್‌ನಲ್ಲಿ ಮಳೆಯ 3 ದಿನ ಬಿಟ್ಟು ಉಳಿದ 28 ದಿನ ಅವರು ಇಳಿಸಿದ್ದು ದಿನಕ್ಕೆ 15 ಸೆಂಟಿಮೀಟರ್.

ಈ ಸಲ ಆಸೆಯ ವೇಗ ಬಿಟ್ಟು ಕಂಡ ವೇಗ ಹಿಡಿದೆವು. ಬಾಕಿ 1.2 ಮೀಟರ್, ದಿನಕ್ಕೆ 15 ಸೆಂಟಿಮೀಟರ್, 8 ದಿನ. ತಳ ಸ್ವಚ್ಛ ಮಾಡಿ ಪ್ಲಗ್ ಹಾಕಲು 7 ದಿನ. ಸೆಪ್ಟೆಂಬರ್ 15. ಮುಂದಿನ ಕೆಲಸಗಳಲ್ಲಿ ಬಿಡುವಿನ ದಿನಗಳಿಲ್ಲದ ಕಾರಣ, ಏನೂ ಮಾಡದಿದ್ದರೆ ಜನವರಿ 31 ಹೋಗಿ ಮಾರ್ಚ್ 18 ಆಗುತ್ತದೆ. ಎರಡು ಕಡೆ ದಿನ ಉಳಿಸಬಹುದಿತ್ತು. ಪಂಪ್ ಹೌಸಿನ ಸ್ಲ್ಯಾಬುಗಳಿಗೆ ಇನ್ನೊಂದು ಸೆಟ್ ಸೆಂಟ್ರಿಂಗ್ ತಂದರೆ 12 ದಿನ. ವಿದ್ಯುತ್ ಪ್ಯಾನಲ್ಲುಗಳನ್ನು ಕಟ್ಟಡ ಮುಗಿಯುವ ಮೊದಲೇ ಶೆಡ್ಡಿನಲ್ಲಿ ಪರೀಕ್ಷಿಸಿ ಇಟ್ಟರೆ 9 ದಿನ. ಒಟ್ಟು 21. ಉಳಿದ 25 ದಿನ ವಾಪಸ್ ಬರುವುದಿಲ್ಲ, ಸ್ಟೇಷನ್ ಫೆಬ್ರವರಿ 25ಕ್ಕೆ ಚಾಲೂ ಆಗುತ್ತದೆ ಎಂದು ಬರೆದೆವು. ಅದರ ಕೆಳಗೆ ಇನ್ನೊಂದು ಸಾಲು: "ಎರಡನೇ ಸೆಟ್ ಸೆಂಟ್ರಿಂಗ್ ಸೆಪ್ಟೆಂಬರ್ 20ರೊಳಗೆ ಸೈಟಿಗೆ ಬಾರದಿದ್ದರೆ 12 ದಿನದ ಉಳಿತಾಯ ಇಲ್ಲ." ಯೋಜನೆ ಸೋತರೆ ಯಾವ ದಿನ ಗೊತ್ತಾಗುತ್ತದೆ ಎಂದು ಹೇಳದ ಯೋಜನೆಯನ್ನು ನಾನು ಯೋಜನೆ ಎಂದು ಒಪ್ಪುವುದಿಲ್ಲ.

'25 ದಿನ ವಾಪಸ್ ಬರುವುದಿಲ್ಲ' ಎಂಬ ಸಾಲಿಗೆ ನಮ್ಮ ಆಫೀಸಿನಲ್ಲೇ ವಿರೋಧವಿತ್ತು. ಈಗಲೇ ಸೋಲೊಪ್ಪಿದರೆ ಗುತ್ತಿಗೆದಾರರು ಇನ್ನಷ್ಟು ಸಡಿಲ ಬಿಡುತ್ತಾರೆ ಎಂಬುದು ಅವರ ವಾದ. ಹಾಗಾಗುವುದೂ ಉಂಟು. ಅದಕ್ಕೇ ಸೆಪ್ಟೆಂಬರ್ 20ರಂಥ ಹತ್ತಿರದ ದಿನಾಂಕ ಬೇಕು. ದೂರದ ಒಂದು ಸುಳ್ಳು ದಿನಾಂಕ ಯಾರನ್ನೂ ಓಡಿಸುವುದಿಲ್ಲ, ಅದು ಸುಳ್ಳೆಂದು ಸೈಟಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ವರದಿ ಓದಿದ ಪಾಲಿಕೆಯ ಇಂಜಿನಿಯರ್ ಫೋನ್ ಮಾಡಿದರು. ಬೈಯುತ್ತಾರೆಂದು ಕಾದಿದ್ದೆವು, ಸ್ವಲ್ಪ ಬೈದರು ಕೂಡ. ಆಮೇಲೆ ಅವರು ಕೇಳಿದ್ದು ಡೀಸೆಲ್ ಪಂಪುಗಳ ಬಗ್ಗೆ. ಹೊಸ ಸ್ಟೇಷನ್ ಆಗುವವರೆಗೆ ಕೊಳಚೆ ನೀರನ್ನು ಬಾಡಿಗೆಯ ಡೀಸೆಲ್ ಪಂಪುಗಳು ಎತ್ತಿ ಹಾಕುತ್ತಿದ್ದವು, ಬಾಡಿಗೆ ಕರಾರು ಜನವರಿ 31ಕ್ಕೆ ಮುಗಿಯುತ್ತಿತ್ತು. ವಿಸ್ತರಣೆಗೆ ಮಂಜೂರಾತಿ ಪಡೆಯಲು ಎರಡು ತಿಂಗಳಾದರೂ ಬೇಕು. ಅವರಿಗೆ ಐದು ತಿಂಗಳು ಸಿಕ್ಕಿತ್ತು. 'ಶೇ. 68' ಎಂಬ ಸಾಲೇ ಉಳಿದಿದ್ದರೆ, ಫೆಬ್ರವರಿ ಒಂದರಂದು ಆ ನೀರು ಪಕ್ಕದ ನಾಲೆಗೆ, ನಾಲೆಯ ದಂಡೆಯ ಮನೆಗಳ ಬಾಗಿಲಿಗೆ ಹರಿಯುತ್ತಿತ್ತು.