ಹುಡುಗಿ ಹೇಗೆ ಎಂದು ಆಪ್ತಸಮಾಲೋಚಕರನ್ನು ಕೇಳಬೇಡಿ

ಕುಂದಾಪುರ, ಬೈಂದೂರು, ಬ್ರಹ್ಮಾವರದಂಥ ಕಡೆ ಮನಶ್ಚಿಕಿತ್ಸಕರು ಪರಿಚಯದವರನ್ನು ನೋಡಲೇಬಾರದು ಎನ್ನುವ ನಿಯಮ ನಡೆಯುವಂಥದ್ದಲ್ಲ. ಕೋಟೇಶ್ವರದ ಕೊಡಿ ಹಬ್ಬದಲ್ಲೋ ಮದುವೆಯೂಟದ ಪಂಕ್ತಿಯಲ್ಲೋ ಎದುರಾದವರೇ ಮರುವಾರ ಸಮಾಲೋಚನೆಗೆ ಬರುತ್ತಾರೆ. ಅಮೆರಿಕದ ಮನೋವಿಜ್ಞಾನಿಗಳ ಸಂಘದ ನೀತಿಸಂಹಿತೆಯೂ ಇಂಥ ಇಬ್ಬಗೆಯ ನಂಟನ್ನು ಸಾರಾಸಗಟಾಗಿ ನಿಷೇಧಿಸಿಲ್ಲ. ಚಿಕಿತ್ಸಕರ ವಿವೇಚನೆ ಕೆಡುವ, ಬಂದವರಿಗೆ ಹಾನಿಯಾಗುವ ಸಂಭವವಿದ್ದರೆ ಮಾತ್ರ ತಪ್ಪು ಎನ್ನುತ್ತದೆ. ನನ್ನ ತಕರಾರಿರುವುದು ಈ ಸಡಿಲಿಕೆಯನ್ನೇ ಹಿಡಿದು, ‘ನಮ್ಮೂರಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು’ ಎಂದು ಜಾರಿಕೊಳ್ಳುವವರ ಮೇಲೆ.

ಒಂದು ಸಂದರ್ಭ ಊಹಿಸಿಕೊಳ್ಳಿ. ಬೈಂದೂರು ಕಡೆಯ ಯುವತಿಯೊಬ್ಬಳು ಗಾಬರಿಯ ತೊಂದರೆಗೆಂದು ಕುಂದಾಪುರದ ಆಪ್ತಸಮಾಲೋಚಕಿಯ ಬಳಿ ಬರುತ್ತಾಳೆ. ಮೂರನೆಯ ಭೇಟಿಯಲ್ಲಿ, ಯುವತಿಗೆ ನೋಡುತ್ತಿರುವ ಹುಡುಗ ತನ್ನ ಗಂಡನ ದೊಡ್ಡಪ್ಪನ ಮಗ ಎಂಬುದು ಸಮಾಲೋಚಕಿಗೆ ತಿಳಿಯುತ್ತದೆ. ವಾರದೊಳಗೆ ಅತ್ತೆ ಕೇಳುತ್ತಾರೆ: ‘ಆ ಮನೆಯವರು ನಿನಗೆ ಗೊತ್ತಲ್ಲ, ಹುಡುಗಿ ಹೇಗೆ?’ ‘ಒಳ್ಳೆಯ ಹುಡುಗಿ’ ಎಂದರೂ ಗೆರೆ ದಾಟಿದಂತೆ. ‘ಹೇಳಲಾರೆ’ ಎಂದರೆ ಇನ್ನೂ ಕೆಟ್ಟದ್ದು, ಏಕೆಂದರೆ ಬೇರೆ ಹುಡುಗಿಯರ ಬಗ್ಗೆ ಈ ಹಿಂದೆ ಮಾತಾಡಿದ್ದವಳು ಈಗ ಸುಮ್ಮನಾದರೆ ಆ ಮೌನವೇ ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದ ಯಾರ ಸಂಬಂಧದ ಬಗ್ಗೆಯೂ ಎಂದೂ ಅಭಿಪ್ರಾಯ ಹೇಳುವುದಿಲ್ಲವೆಂಬ ಪದ್ಧತಿಯನ್ನು ಕೆಲಸ ಶುರುಮಾಡಿದ ದಿನದಿಂದಲೇ ಇಟ್ಟುಕೊಂಡಿರಬೇಕು. ಜೊತೆಗೆ ಆ ನಂಟನ್ನು ಯುವತಿಗೆ ಆಗಲೇ ತಿಳಿಸಿ, ಮುಂದುವರಿಯುವುದೋ ಬೇರೆಯವರ ಬಳಿ ಹೋಗುವುದೋ ಎಂದು ಅವಳೊಂದಿಗೆ ಕೂತು ಯೋಚಿಸಬೇಕು. ಹೆಸರು, ಊರು ಬಿಟ್ಟುಕೊಡದೆ ದೂರದ ಹಿರಿಯ ಚಿಕಿತ್ಸಕರೊಬ್ಬರ ಸಲಹೆ ಕೇಳಬೇಕು. ಮದುವೆ ಗೊತ್ತಾಗುವ ಹಾಗಿದ್ದರೆ ಬೇರೆಯವರಿಗೆ ವಹಿಸುವುದೇ ಸರಿ. ಸೊಸೆಯಾಗಿ ಬರುವವಳ ಒಳಗುದಿಯನ್ನು ಕೇಳಿ, ಹಬ್ಬದ ದಿನ ಅವಳ ಪಕ್ಕದಲ್ಲೇ ಬಡಿಸುತ್ತ ನಿಲ್ಲುವುದು ಇಬ್ಬರಿಗೂ ಹಿಂಸೆ.

ಹಾಗಾದರೆ ಬೈಂದೂರಿನವರು ಮಣಿಪಾಲಕ್ಕೆ ಅಲೆಯಬೇಕೇ, ದಿನದ ಕೂಲಿ ಯಾರು ಕೊಡುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೇ ಪರಿಚಯದ ಮಾತ್ರಕ್ಕೆ ಯಾರನ್ನೂ ಸಾಗಹಾಕಬಾರದು. ಅಂಗಡಿಯಲ್ಲಿ ಸಿಕ್ಕಾಗ ಮೊದಲು ಮಾತಾಡಿಸುವ ಆಯ್ಕೆ ಬಂದವರದ್ದೇ ಎಂದು ಮುಂಚೆ ಹೇಳಿಟ್ಟರೆ ಅಷ್ಟರಮಟ್ಟಿಗೆ ಸಾಕು. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಯೂ ಇದೆ, ಆದರೆ ವಾರವಾರ ಎದುರು ಕೂತು ನಡೆಯುವ ಚಿಕಿತ್ಸೆಗೆ ಅದು ಬದಲಿಯಲ್ಲ.

‘ಅಕ್ಕ ಅಂತ ಕರೀತಾರೆ, ನಂಬಿಕೆ ಇದೆ, ಇಷ್ಟೆಲ್ಲ ಕಟ್ಟಳೆ ಏಕೆ’ ಎನ್ನುವವರ ವಾದವನ್ನು ಮಾತ್ರ ನಾನು ಒಪ್ಪಲಾರೆ. ಆ ನಂಬಿಕೆಯಿಂದಲೇ ಚಿಕಿತ್ಸಕರ ಕೈ ಮೇಲಾಗುವುದು. ಬಂದವರಿಂದ ಸಾಲ ಪಡೆಯುವುದು, ಅವರೊಂದಿಗೆ ಪಾಲುದಾರಿಕೆ ಮಾಡುವುದು, ಲೈಂಗಿಕ ಸಂಬಂಧಕ್ಕಿಳಿಯುವುದು ಊರು ಸಣ್ಣದೆಂಬ ಕಾರಣಕ್ಕೆ ಕ್ಷಮೆಗೆ ಅರ್ಹವಾಗುವುದಿಲ್ಲ. ಗೋಪ್ಯತೆ ಚಿಕಿತ್ಸಕರ ಔದಾರ್ಯವೂ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಅದನ್ನು ಚಿಕಿತ್ಸೆ ಪಡೆಯುವವರ ಹಕ್ಕೆಂದು ಹೇಳಿದೆ. ಮನೆಯವರೂ ಇದನ್ನು ತಿಳಿದು, ಸಂಬಂಧ ಕುದುರಿಸುವಾಗ ಸಮಾಲೋಚಕಿ ಸೊಸೆಯನ್ನು ವಿಚಾರಣೆಗೆ ಎಳೆಯದಿರಲಿ.