ಪಂಪ್‌ಹೌಸಿನ ಕೆಲಸವೋ, ಕೈಗೊಂದು ಚೆಕ್ಕೋ

ಒಂದು ಪಟ್ಟಣದ ನೀರು ಸರಬರಾಜು ವಿಭಾಗದಲ್ಲಿ ಪಂಪ್ ನಡೆಸುವ ದಿನಗೂಲಿ ನೌಕರನೊಬ್ಬನಿದ್ದ ಎಂದುಕೊಳ್ಳೋಣ. ಎಂಟು ವರ್ಷ ದುಡಿದಿದ್ದ. ತಿಂಗಳಿಗೆ ಕೈಗೆ ಬರುತ್ತಿದ್ದುದು 12,000 ರೂಪಾಯಿ. ಒಂದು ಸೋಮವಾರ ಬೆಳಿಗ್ಗೆ ಹೋದವನಿಗೆ ‘ನಾಳೆಯಿಂದ ಬರಬೇಡ’ ಎಂದರು. ಕಾಗದವಿಲ್ಲ, ನೋಟಿಸಿಲ್ಲ, ದುಡ್ಡಿಲ್ಲ. ಆರು ವರ್ಷ ಕೇಸು ನಡೆದ ಮೇಲೆ ಲೇಬರ್ ಕೋರ್ಟು ಹೇಳಿತು: ಈ ವಜಾ ಕಾನೂನುಬಾಹಿರ. ಈಗ ಅವನಿಗೆ ಸಿಗಬೇಕಾದ್ದು ಏನು? ಅದೇ ಪಂಪ್‌ಹೌಸಿನ ಕೆಲಸವೋ, ಅದರ ಬದಲಿಗೆ ಒಂದಿಷ್ಟು ಹಣವೋ?

ನೀರು ಸರಬರಾಜು ‘ಕೈಗಾರಿಕೆ’ ಹೇಗಾಯಿತು ಎಂದು ಕೇಳುವವರುಂಟು. ಅದಕ್ಕೆ ಉತ್ತರ ನಮ್ಮ ಬೆಂಗಳೂರಿನದೇ. ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ಪದಕ್ಕೆ ಕೊಟ್ಟ ವಿಶಾಲ ಅರ್ಥದಿಂದಾಗಿಯೇ ಇಂಥ ನೌಕರರು ಲೇಬರ್ ಕೋರ್ಟಿನ ಮೆಟ್ಟಿಲು ಹತ್ತುವಂತಾಯಿತು. ಅವನನ್ನು ಹೊರಹಾಕಿದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ ಜಾರಿಯಲ್ಲಿದ್ದ ಕಾಲದಲ್ಲಿ. ಆ ಕಾಯ್ದೆಯ 25-ಎಫ್ ಕಲಮಿನ ಪ್ರಕಾರ, ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಸಂಬಳ ಕೊಡಬೇಕಿತ್ತು. ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳವನ್ನು ಪರಿಹಾರವಾಗಿ ಕೊಡಬೇಕಿತ್ತು. ನಮ್ಮವನ ಲೆಕ್ಕದಲ್ಲಿ ಇದು ಸುಮಾರಾಗಿ 48,000 ರೂಪಾಯಿ, ನೋಟಿಸಿನ ತಿಂಗಳದ್ದು ಸೇರಿ 60,000. ಇಷ್ಟನ್ನು ಅಂದೇ ಕೊಟ್ಟು ಕಳಿಸಿದ್ದರೆ ಈ ಕಲಮಿನ ಕೆಳಗೆ ಬಹುಶಃ ತಕರಾರೇ ಇರುತ್ತಿರಲಿಲ್ಲ. ಕೊಡಲಿಲ್ಲ. ಹಾಗಾಗಿ ವಜಾ ಅಸಿಂಧು.

ಅಸಿಂಧು ಎಂದ ಮೇಲೆ ಅವನ ಕೆಲಸ ಎಂದೂ ಹೋಗಲೇ ಇಲ್ಲ ಎಂದಾಗಬೇಕಲ್ಲವೆ? ಹಳೆಯ ತತ್ವ ಹಾಗೆಯೇ ಇತ್ತು. 1978ರ ಹಿಂದೂಸ್ತಾನ್ ಟಿನ್ ವರ್ಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಅಕ್ರಮವಾಗಿ ತೆಗೆದವನಿಗೆ ಮರುನೇಮಕದ ಜೊತೆ ಪೂರ್ತಿ ಹಿಂಬಾಕಿ ಸಂಬಳ ಸಿಗುವುದೇ ಸಾಮಾನ್ಯ ನಿಯಮ, ಕಡಿಮೆ ಮಾಡಬೇಕೆನ್ನುವವರು ಕಾರಣ ತೋರಿಸಬೇಕು ಎಂದಿತು. ಆದರೆ ಅದೇ ತೀರ್ಪಿನಲ್ಲಿ ಕಂಪನಿಯ ನಷ್ಟದ ಸ್ಥಿತಿಯನ್ನು ನೋಡಿ ಹಿಂಬಾಕಿಯನ್ನು 75 ಪ್ರತಿಶತಕ್ಕೆ ಇಳಿಸಿತು. ನಿಯಮವೂ ಅದರ ಸಡಿಲಿಕೆಯೂ ಒಂದೇ ತೀರ್ಪಿನಲ್ಲಿ ಹುಟ್ಟಿದವು ಎಂಬುದು ನೆನಪಿಡಬೇಕಾದ ಸಂಗತಿ.

ಈ ನಿಯಮದ ಹಿಂದಿನ ನ್ಯಾಯ ಸರಳ. ನಮ್ಮ ಪಂಪ್ ನೌಕರ ದುಡಿಯಲು ಸಿದ್ಧನಿದ್ದ, ಗೇಟು ಹಾಕಿದ್ದು ಆಡಳಿತ. ಆರು ವರ್ಷಕ್ಕೆ 72 ತಿಂಗಳು, 12,000ದಂತೆ 8,64,000 ರೂಪಾಯಿ. ಈ ಹಣ ಅವನಿಗೆ ಬರುವಾಗ ಲಾಭದಂತೆ ಕಾಣಬಹುದು. ಆದರೆ ಆ ಆರು ವರ್ಷ ಅವನು ಅಂಗಡಿಯ ಉದ್ದರಿಯಲ್ಲಿ, ಕೈಸಾಲದಲ್ಲಿ, ಹೆಂಡತಿಯ ಕೂಲಿಯಲ್ಲಿ ಬದುಕಿರುತ್ತಾನೆ. ತಪ್ಪು ಮಾಡಿದವರೇ ಕೇಸು ಎಳೆದು, ಕೊನೆಗೆ ‘ಇಷ್ಟು ವರ್ಷವಾಯಿತಲ್ಲ, ಈಗೇಕೆ ಕೆಲಸ’ ಎನ್ನುವುದಾದರೆ, ಎಳೆದಷ್ಟೂ ಅವರಿಗೇ ಅನುಕೂಲ. 2013ರ ದೀಪಾಲಿ ಗುಂಡು ಸುರ್ವಸೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿಗೆ ಮುಖ್ಯವಾಗಿ ಕಂಡದ್ದು ಈ ಅಂಶವೇ. ಅದು ಮಹಾರಾಷ್ಟ್ರದ ಶಾಲೆಯೊಂದರ ಶಿಕ್ಷಕಿಯ ಪ್ರಕರಣ, ಲೇಬರ್ ಕೋರ್ಟಿನದಲ್ಲ, ಶಾಲಾ ನ್ಯಾಯಮಂಡಳಿಯದು. ಹೈಕೋರ್ಟು ಕಿತ್ತುಹಾಕಿದ್ದ ಪೂರ್ತಿ ಹಿಂಬಾಕಿಯನ್ನು ಸುಪ್ರೀಂ ಕೋರ್ಟು ಮರಳಿ ಕೊಟ್ಟಿತು. ವ್ಯಾಜ್ಯ ತಡವಾದದ್ದಕ್ಕೆ ನೌಕರರನ್ನು ದಂಡಿಸುವುದು ಸಲ್ಲದು ಎಂದಿತು.

ಈಗ ಆಡಳಿತದ ಕಡೆ ಕೂತು ನೋಡೋಣ. ಅವರ ಮಾತೂ ಹಗುರವಾದದ್ದಲ್ಲ. ಆರು ವರ್ಷ ಪಂಪ್ ನಿಲ್ಲಲಿಲ್ಲ. ಬೇರೆಯವನು ನಡೆಸಿದ, ಅವನಿಗೂ ಸಂಬಳ ಕೊಟ್ಟಾಗಿದೆ. ಈಗ ಒಂದೇ ಕೆಲಸಕ್ಕೆ ಎರಡು ಸಲ ಕೊಡುವುದು ಊರಿನ ತೆರಿಗೆಯ ಹಣದಿಂದ. ಕೋರ್ಟಿನ ವಿಳಂಬದಲ್ಲಿ ಅವರ ಪಾಲು ಎಲ್ಲ ಪ್ರಕರಣದಲ್ಲೂ ಒಂದೇ ಆಗಿರುವುದಿಲ್ಲ. 2005ರ ಕೊನೆಯಲ್ಲಿ ಬಂದ ಉತ್ತರ ಪ್ರದೇಶ ಬ್ರಾಸ್‌ವೇರ್ ನಿಗಮದ ತೀರ್ಪು ಈ ವಾದಕ್ಕೆ ಕಿವಿಗೊಟ್ಟಿತು: ಪೂರ್ತಿ ಹಿಂಬಾಕಿ ಯಾಂತ್ರಿಕವಾಗಿ ಬರುವ ಫಲವಲ್ಲ, ಸೇವೆಯ ಸ್ವರೂಪ, ಅವಧಿ, ಸಂಸ್ಥೆಯ ಪರಿಸ್ಥಿತಿ ಎಲ್ಲವನ್ನೂ ತೂಗಬೇಕು.

ಇದಕ್ಕಿಂತ ಗಟ್ಟಿ ವಾದ ಇನ್ನೊಂದಿದೆ. ನಾಳೆ ಅವನನ್ನು ಮರಳಿ ತೆಗೆದುಕೊಂಡರೂ ಅವನು ದಿನಗೂಲಿಯವನಾಗಿಯೇ ಮರಳುತ್ತಾನೆ. 2006ರ ಉಮಾದೇವಿ ಪ್ರಕರಣದ ನಂತರ (ಅದೂ ಕರ್ನಾಟಕದಿಂದಲೇ ಹೋದದ್ದು) ನಿಯಮಬದ್ಧ ನೇಮಕವಿಲ್ಲದೆ ಬಂದವನಿಗೆ ಖಾಯಂ ಆಗುವ ಹಕ್ಕು ಇಲ್ಲ. ಹಾಗಿದ್ದರೆ ಆಡಳಿತ ಮರುದಿನವೇ ನೋಟಿಸು, ಪರಿಹಾರ ಎರಡನ್ನೂ ಸರಿಯಾಗಿ ಕೊಟ್ಟು ಅವನನ್ನು ಕಾನೂನುಬದ್ಧವಾಗಿ ತೆಗೆಯಬಹುದು. ಒಂದು ವಾರಕ್ಕಾಗಿ ಮರುನೇಮಕದ ಆದೇಶ ಯಾಕೆ? 2013ರ ಡಿಸೆಂಬರಿನ ಬಿಎಸ್‌ಎನ್‌ಎಲ್–ಭೂರುಮಲ್ ತೀರ್ಪು ಇದೇ ತರ್ಕವನ್ನು ಹಿಡಿದು, ದಿನಗೂಲಿ ನೌಕರನೊಬ್ಬನಿಗೆ ಕೆಲಸದ ಬದಲು 3 ಲಕ್ಷ ರೂಪಾಯಿ ಕೊಡಿಸಿತು.

ಆ ತರ್ಕ ನನಗೆ ಒಪ್ಪಿಗೆ, ಆದರೆ ಅದರ ಗಡಿಯೊಳಗೆ ಮಾತ್ರ. ಆಡಳಿತ ತಪ್ಪಿದ್ದು ಹಣ ಮತ್ತು ನೋಟಿಸಿನ ವಿಷಯದಲ್ಲಿ ಮಾತ್ರವಾಗಿದ್ದು, ಕೆಲಸವೂ ತಾತ್ಕಾಲಿಕವೇ ಆಗಿದ್ದರೆ ಅದು ನಿಲ್ಲುತ್ತದೆ. ಅದನ್ನು ಖಾಯಂ ನೌಕರನ ಮೇಲೆ ಹೊರಿಸಿದರೆ ಕುಸಿಯುತ್ತದೆ. ಕಾರ್ಖಾನೆಯೊಂದರ ಲೇತ್ ಆಪರೇಟರನನ್ನು ಕಳ್ಳತನದ ಆರೋಪ ಹೊರಿಸಿ ತೆಗೆದಿದ್ದಾರೆ ಎನ್ನೋಣ. ಕಾರ್ಖಾನೆಯೊಳಗಿನ ವಿಚಾರಣೆಯಲ್ಲಿ ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಅವನಿಗೆ ಬಿಡಲಿಲ್ಲ. ಆ ವಿಚಾರಣೆ ನ್ಯಾಯಸಮ್ಮತವಲ್ಲ ಎಂದಾದ ಮೇಲೂ ಆರೋಪವನ್ನು ಕೋರ್ಟಿನಲ್ಲೇ ಸಾಬೀತು ಮಾಡಲು ಆಡಳಿತಕ್ಕೆ ಅವಕಾಶವಿತ್ತು, ಅಲ್ಲಿಯೂ ಸೋತಿತು. ಇವನನ್ನು ಮರುದಿನ 15 ದಿನದ ಲೆಕ್ಕ ಕೊಟ್ಟು ಕಳಿಸುವುದು ಸುಲಭವಲ್ಲ. ಅವನಿಗೆ ಮರಳಲು ನಿಜವಾದ ಹುದ್ದೆಯಿದೆ, ಮುಂಬಡ್ತಿಯಿದೆ, ಗ್ರಾಚ್ಯುಟಿಯಿದೆ, ಕಳ್ಳನೆಂಬ ಹೆಸರನ್ನು ಅದೇ ಗೇಟಿನಲ್ಲಿ ತೊಳೆದುಕೊಳ್ಳುವ ಹಂಬಲವಿದೆ. ಅವನಿಗೆ ಹಣ ಕೊಟ್ಟು ಮುಗಿಸುವುದು ಸರಿಯಾಗುವ ಸಂದರ್ಭಗಳು ಬೇರೆ: ಕಾರ್ಖಾನೆ ಮುಚ್ಚಿಹೋಗಿದ್ದರೆ, ನಿವೃತ್ತಿಯ ವಯಸ್ಸು ದಾಟಿದ್ದರೆ, ಅಷ್ಟೇ ಒಳ್ಳೆಯ ಕೆಲಸ ಅವನಿಗೆ ಬೇರೆ ಕಡೆ ಸಿಕ್ಕಿದ್ದರೆ. ‘ವಿಶ್ವಾಸ ಹೋಗಿದೆ’ ಎಂಬ ವಾದವನ್ನು ನಗದು ಪೆಟ್ಟಿಗೆ, ಗುಟ್ಟಿನ ಕಡತ ಇರುವ ಜಾಗದಲ್ಲಿ ಕೇಳಬಹುದು. ಲೇತ್ ಯಂತ್ರದ ಮುಂದೆ ಅದಕ್ಕೆ ತೂಕ ಕಡಿಮೆ.

ಸರ್ಕಾರಿ ಸಂಸ್ಥೆ ಎಂದ ಮಾತ್ರಕ್ಕೆ ಪರಿಹಾರವೇ ದಾರಿ ಎಂದೂ ಅಲ್ಲ. 2010ರ ಹರ್ಜಿಂದರ್ ಸಿಂಗ್ ಪ್ರಕರಣದಲ್ಲಿ ಪಂಜಾಬಿನ ಉಗ್ರಾಣ ನಿಗಮದ ನೌಕರನೊಬ್ಬನಿಗೆ ಸಿಕ್ಕಿದ್ದ ಮರುನೇಮಕವನ್ನು ಹೈಕೋರ್ಟು 87,582 ರೂಪಾಯಿಗೆ ಬದಲಾಯಿಸಿತ್ತು. ಸುಪ್ರೀಂ ಕೋರ್ಟು ಅದನ್ನು ಒಪ್ಪದೆ ಕೆಲಸವನ್ನೇ ಮರಳಿಸಿತು.

ನನಗೆ ಹೆಚ್ಚು ಕಾಡುವುದು ಮೊತ್ತದ ಪ್ರಶ್ನೆ. ಪರಿಹಾರವೆಂದು ಕೊಡುವ ಹಣ ಹೇಗೆ ಬಂತು ಎಂಬ ಲೆಕ್ಕ ಎಷ್ಟೋ ಆದೇಶಗಳಲ್ಲಿ ಇರುವುದಿಲ್ಲ. ಒಬ್ಬನಿಗೆ ಐವತ್ತು ಸಾವಿರ, ಇನ್ನೊಬ್ಬನಿಗೆ ಮೂರು ಲಕ್ಷ. ನಮ್ಮ ಪಂಪ್ ನೌಕರನ ವಿಷಯದಲ್ಲಿ ಎರಡು ಗಡಿಗಲ್ಲು ಕಣ್ಣೆದುರಿಗೇ ಇವೆ: ಕಾನೂನು ಪಾಲಿಸಿದ್ದರೆ ಅಂದು ಆಗುತ್ತಿದ್ದ ಖರ್ಚು 60,000, ಕಳೆದುಹೋದ ಸಂಬಳ 8,64,000. ಕೆಳಗಿನ ಗಡಿಯ ಹತ್ತಿರ ನಿಂತರೆ ಕಾನೂನು ಮುರಿದವನಿಗೂ ಪಾಲಿಸಿದವನಿಗೂ ಖರ್ಚು ಒಂದೇ ಆಗುತ್ತದೆ, ಅದೂ ಆರು ವರ್ಷ ತಡವಾಗಿ. ಮೇಲಿನ ಗಡಿಗೇ ಅಂಟಿಕೊಂಡರೆ, ಆ ನಡುವೆ ಅವನು ಬೇರೆಡೆ ದುಡಿದಿರಬಹುದಾದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಂತಾಗದು. ಎರಡೂ ಅಂಕಿಯನ್ನು ಬರೆದು, ಅವನ ವಯಸ್ಸು, ದುಡಿದ ವರ್ಷ, ಸಂಪಾದನೆಯ ಸಾಕ್ಷ್ಯ ನೋಡಿ ಎಲ್ಲಿ ನಿಂತೆವು, ಯಾಕೆ ಎಂದು ಆದೇಶದಲ್ಲಿ ಹೇಳಿದರೆ ಸೋತವನಿಗೂ ಅದು ಅರ್ಥವಾಗುತ್ತದೆ.

ಆ ಸಂಪಾದನೆಯ ಸಾಕ್ಷ್ಯದಲ್ಲೇ ಎರಡೂ ಕಡೆಯವರು ಎಡವುತ್ತಾರೆ. ತಾನು ನಿರುದ್ಯೋಗಿ ಎಂದು ಕ್ಲೇಮಿನಲ್ಲೂ ಸಾಕ್ಷ್ಯದಲ್ಲೂ ನೌಕರ ಮೊದಲು ಹೇಳಬೇಕು. ಅದನ್ನು ಹೇಳದೆ ಹಿಂಬಾಕಿ ಕಳೆದುಕೊಳ್ಳುವವರಿದ್ದಾರೆ. ಅವನು ಹೇಳಿದ ಮೇಲೆ, ಅಲ್ಲ, ದುಡಿಯುತ್ತಿದ್ದ ಎಂದು ತೋರಿಸುವ ಹೊಣೆ ಆಡಳಿತದ್ದು. ‘ನೀವು ಗಾರೆ ಕೆಲಸ ಮಾಡುತ್ತಿದ್ದಿರಿ ಎಂದರೆ ಸರಿಯೆ’ ಎಂದು ಪಾಟೀಸವಾಲಿನಲ್ಲಿ ಕೇಳಿ ಕೂತರೆ ಸಾಲದು. ಬೇರೆ ಸಂಸ್ಥೆಯ ಪಿಎಫ್ ಖಾತೆ, ಇಎಸ್‌ಐ ವಂತಿಗೆ, ಸಂಬಳದ ಚೀಟಿ ಬೇಕು. ಹೊಟ್ಟೆಪಾಡಿಗೆ ಆಗೀಗ ಮಾಡಿದ ಕೂಲಿಯನ್ನು ಖಾಯಂ ಸಂಪಾದನೆಗೆ ಸಮವೆಂದು ಎಣಿಸುವುದು ನನ್ನ ಮಟ್ಟಿಗೆ ಅನ್ಯಾಯ. ಉಪವಾಸ ಬಿದ್ದವನಿಗೆ ಮಾತ್ರ ಪೂರ್ತಿ ಹಿಂಬಾಕಿ ಎಂದಂತಾಗುತ್ತದೆ.

ಆಡಳಿತ ಹೈಕೋರ್ಟಿಗೆ ಹೋದರೆ 17-ಬಿ ಕಲಮು ನೌಕರನ ಕೈ ಹಿಡಿಯುತ್ತಿತ್ತು. ಮರುನೇಮಕದ ಆದೇಶವಿದ್ದು, ಬೇರೆಲ್ಲೂ ಕೆಲಸದಲ್ಲಿಲ್ಲ ಎಂದು ಅವನು ಪ್ರಮಾಣಪತ್ರ ಸಲ್ಲಿಸಿದರೆ, ಮೇಲಿನ ಕೋರ್ಟಿನಲ್ಲಿ ಪ್ರಕರಣ ಮುಗಿಯುವವರೆಗೆ ಕೊನೆಯ ಸಂಬಳದ ದರದಲ್ಲಿ ಹಣ ಬರುತ್ತಿತ್ತು. ಬರೀ ಪರಿಹಾರದ ಆದೇಶವಿದ್ದವನಿಗೆ ಆ ರಕ್ಷಣೆ ಇರಲಿಲ್ಲ. ಮರುನೇಮಕವನ್ನು ಪರಿಹಾರಕ್ಕೆ ಬದಲಿಸುವಾಗ ಹೋಗುವುದು ಕೆಲಸವೊಂದೇ ಅಲ್ಲ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗ ಹಿಡಿದಿದೆ. ಆದರೂ ಮರುನೇಮಕವೋ ಪರಿಹಾರವೋ ಎಂಬ ಈ ತೂಗಾಟ ಮುಗಿಯುವಂಥದ್ದಲ್ಲ.

ಮತ್ತೆ ಪಂಪ್‌ಹೌಸಿಗೆ ಬರೋಣ. ಭೂರುಮಲ್ ತೀರ್ಪಿನಲ್ಲೇ ಒಂದು ಬಾಗಿಲು ತೆರೆದಿದೆ: ಅವನಿಗಿಂತ ಕಿರಿಯರನ್ನು ಉಳಿಸಿಕೊಂಡು ಅವನನ್ನು ಕಳಿಸಿದ್ದರೆ, ಅಥವಾ ಅವನ ಜೊತೆಗಾರರನ್ನು ಖಾಯಂ ಮಾಡಿ ಅವನನ್ನು ಬಿಟ್ಟಿದ್ದರೆ, ದಿನಗೂಲಿಯವನಾದರೂ ಮರುನೇಮಕವೇ ಸಿಗಬೇಕು. ಆದ್ದರಿಂದ ಕೇಸಿನ ತಿರುವು ಇರುವುದು ಈಗ ಪಂಪ್ ನಡೆಸುತ್ತಿರುವವನು ಯಾವ ವರ್ಷ ಸೇರಿದ ಎಂಬ ಒಂದು ಸಣ್ಣ ಪ್ರಶ್ನೆಯಲ್ಲಿ. ಅದಕ್ಕೆ ಉತ್ತರ ಮಸ್ಟರ್ ರೋಲಿನಲ್ಲಿದೆ, ಮಸ್ಟರ್ ರೋಲ್ ಆಡಳಿತದ ಬೀರುವಿನಲ್ಲಿದೆ. ಕರ್ನಾಟಕದ ದಿನಗೂಲಿ ನೌಕರರೊಬ್ಬರ ಪ್ರಕರಣದಲ್ಲಿ, 2005ರ ಯಲ್ಲಟ್ಟಿ ತೀರ್ಪು ಇದರ ಬಗ್ಗೆ ಸ್ಪಷ್ಟವಾಗಿದೆ: 240 ದಿನ ದುಡಿದದ್ದನ್ನು ತೋರಿಸುವ ಹೊಣೆ ನೌಕರನದೇ, ಅವನ ಬರೀ ಪ್ರಮಾಣಪತ್ರ ಸಾಲದು, ಆದರೆ ಅವನು ಕಟಕಟೆಗೆ ಬಂದು ಸಾಕ್ಷ್ಯ ಹೇಳಿ ದಾಖಲೆ ತರಿಸಿ ಎಂದು ಕೇಳಬಹುದು. ಆ ಅರ್ಜಿಯಲ್ಲಿ ಅವನು ದುಡಿದ ವರ್ಷಗಳ ಜೊತೆಗೆ, ಅವನು ಹೊರಬಿದ್ದ ನಂತರದ ವರ್ಷಗಳ ಮಸ್ಟರ್ ರೋಲನ್ನೂ ಕೇಳಬೇಕು. ಸಾಕ್ಷ್ಯ ಮುಗಿಯುವ ಮೊದಲೇ ಕೇಳಬೇಕು.