ದಂಡ ಶುಲ್ಕ ‘ದಂಡ ಬಡ್ಡಿ’ ಆದಾಗ

ರಾಣೆಬೆನ್ನೂರಿನಿಂದ ಮಾಮಾ ಫೋನ್ ಮಾಡಿದಾಗ ನಾನು ಬೊರಿವಲಿ ಸ್ಟೇಷನ್ನಿನಲ್ಲಿ ಚರ್ಚ್‌ಗೇಟ್ ಫಾಸ್ಟ್ ಲೋಕಲ್‌ಗೆ ಕಾಯುತ್ತಿದ್ದೆ. ಟ್ರ್ಯಾಕ್ಟರ್ ಸಾಲದ ಬಗ್ಗೆ ಯಾವುದೋ ಫೈನಾನ್ಸ್ ಕಂಪನಿಯಿಂದ ಅವರಿಗೆ ಕನ್ನಡದಲ್ಲೇ ಒಂದು ಸಂದೇಶ ಬಂದಿತ್ತು. ‘ತಮ್ಮ ಗಮನಕ್ಕೆ ತರಲಾಗುತ್ತಿರುವುದೇನೆಂದರೆ’ ಎಂದು ಶುರುವಾದ ವಾಕ್ಯವನ್ನು ಎರಡು ಸಲ ಓದಿ, ‘ಏನಪಾ, ಇದನ್ನ ಓದಾಕ ನಿನ್ನಂಗ ಎಂ.ಟೆಕ್ ಮಾಡಿರಬೇಕೇನು? ರೊಕ್ಕ ಕಟ್ಟಬೇಕೋ, ಕಟ್ಟೀನೋ, ಅಷ್ಟು ಹೇಳು’ ಎಂದರು. ನಕ್ಕೆನಾದರೂ ಒಳಗೊಳಗೇ ಮುಜುಗರವಾಯಿತು. ಆ ಕಂಪನಿ ನನ್ನದಲ್ಲ. ಆದರೆ ಅಂಥದ್ದೇ ಸಂದೇಶಗಳನ್ನು ಕಳಿಸುವ ಇನ್ನೊಂದು ಕಂಪನಿಯಲ್ಲಿ ನಾನು ಕೆಲಸ ಮಾಡುತ್ತೇನೆ.

ಸಾಲ ಪಡೆದವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸುವುದು ಈಗ ಬರೀ ಸೌಜನ್ಯವಾಗಿ ಉಳಿದಿಲ್ಲ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ರೀಟೇಲ್ ಸಾಲಗಳಿಗೆ ಮುಖ್ಯ ಅಂಶಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಆದರೆ ಮೂಲ ಪಠ್ಯ ತಯಾರಾಗುವುದು ಮುಂಬೈ ಕಚೇರಿಯಲ್ಲಿ, ಇಂಗ್ಲಿಷಿನಲ್ಲಿ. ಅನುವಾದವಾಗಿ ಬರುವ ಕನ್ನಡ ಸರ್ಕಾರಿ ಸುತ್ತೋಲೆಯಂತಿರುತ್ತದೆ. ಅದನ್ನು ಸರಳವಾಗಿ ತಿದ್ದಿ ಬರೆಯಲು ನಾವು ಒಂದು ಎಐ ಟೂಲ್ ಕಟ್ಟಿದೆವು.

ಇಂಥ ಟೂಲ್‌ಗೆ ಕಂಪನಿಯ ಶೈಲಿಯನ್ನು ಕಲಿಸುವ ಸುಲಭ ದಾರಿಯೆಂದರೆ ಜೋಡಿ ಉದಾಹರಣೆಗಳು. ‘ಮೊದಲು ಹೀಗಿತ್ತು, ತಿದ್ದಿದ ಮೇಲೆ ಹೀಗಾಯಿತು’ ಎಂಬ ಕೆಲವು ಜೋಡಿಗಳನ್ನು ಮುಂದಿಟ್ಟು, ನಂತರ ಹೊಸ ವಾಕ್ಯವನ್ನು ಕೊಡುವುದು. ದೊಡ್ಡ ಭಾಷಾ ಮಾದರಿಗಳು ಬೆರಳೆಣಿಕೆಯ ಉದಾಹರಣೆಗಳನ್ನು ನೋಡಿಯೇ ಕೆಲಸದ ಧಾಟಿಯನ್ನು ಹಿಡಿಯಬಲ್ಲವು ಎಂಬುದನ್ನು 2020ರಲ್ಲಿ ಜಿಪಿಟಿ-3 ಕುರಿತ ಪ್ರಬಂಧ ತೋರಿಸಿಕೊಟ್ಟಿತು. ‘ಸರಳವಾಗಿ ಬರೆ’ ಎಂದು ಹತ್ತು ಸಾಲು ಸೂಚನೆ ಕೊಡುವುದಕ್ಕಿಂತ ನಾಲ್ಕು ಒಳ್ಳೆಯ ಜೋಡಿಗಳು ಹೆಚ್ಚು ಕೆಲಸ ಮಾಡುವುದನ್ನು ನಾನೇ ಕಂಡಿದ್ದೇನೆ. ಹಾಗಾದರೆ ಒಳ್ಳೆಯ ಜೋಡಿ ಯಾವುದು? ನಾವು ಎಡವಿದ್ದು ಅಲ್ಲೇ.

ಹಿರಿಯ ಸಹೋದ್ಯೋಗಿಗಳು ಹಿಂದೆ ಕೈಯಾರೆ ತಿದ್ದಿದ್ದ ಸಂದೇಶಗಳ ಕಡತದಿಂದ 12 ಜೋಡಿಗಳನ್ನು ಆರಿಸಿದೆ. ಒಂದು ಹೀಗಿತ್ತು. ಮೊದಲು: ‘ತಮ್ಮ ಸಾಲದ ಕಂತು ₹4,250 ಜೂನ್ 5ರಂದು ಪಾವತಿಯಾಗದಿರುವ ಕಾರಣ ₹200 ದಂಡ ಶುಲ್ಕವನ್ನು ವಿಧಿಸಲಾಗಿರುತ್ತದೆ. ಕೂಡಲೇ ಪಾವತಿಸತಕ್ಕದ್ದು.’ ನಂತರ: ‘ಜೂನ್ 5ರಂದು ಕಟ್ಟಬೇಕಿದ್ದ ಕಂತು ₹4,250 ನಮಗೆ ಬಂದಿಲ್ಲ. ಇದಕ್ಕೆ ₹200 ದಂಡ ಬಡ್ಡಿ ಸೇರಿದೆ. ದಯವಿಟ್ಟು ಕೂಡಲೇ ಕಟ್ಟಿ.’ ಓದಲು ಎಷ್ಟು ಹಗುರ! ನನಗೂ ಮೆಚ್ಚುಗೆಯಾಗಿತ್ತು.

ಟೂಲ್ ಎಂದೂ ನೋಡಿರದ 40 ಸಂದೇಶಗಳನ್ನು ಬೇರೆಯಾಗಿಯೇ ತೆಗೆದಿಟ್ಟಿದ್ದೆ. ಅವನ್ನು ಕೊಟ್ಟು, ಬಂದ ಫಲಿತಾಂಶವನ್ನು ಒಂದೊಂದಾಗಿ ಓದಲು ಕೂತೆ. ಮೊದಲ ಹತ್ತು ಚೆನ್ನಾಗಿದ್ದವು. ಹನ್ನೊಂದನೆಯದು, ಸಾಲ ಪೂರ್ತಿ ತೀರಿಸಿದವರಿಗೆ ಹೋಗುವ ಸಂದೇಶ. ಅದರ ಕೊನೆಯಲ್ಲಿ ‘ದಯವಿಟ್ಟು ಕೂಡಲೇ ಕಟ್ಟಿ’ ಎಂದಿತ್ತು! ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ನನ್ನ 12 ಜೋಡಿಗಳಲ್ಲಿ 10 ಬಾಕಿ ನೋಟಿಸುಗಳು. ಎಲ್ಲವೂ ಅದೇ ಮಾತಿನಿಂದ ಮುಗಿಯುತ್ತಿದ್ದವು. ನಾನು ಸರಳ ಕನ್ನಡ ಕಲಿಸುತ್ತಿದ್ದೇನೆ ಅಂದುಕೊಂಡಿದ್ದೆ. ಎಲ್ಲ ಜೋಡಿಗಳಲ್ಲೂ ಸಮಾನವಾಗಿದ್ದುದನ್ನೆಲ್ಲ ಟೂಲ್ ಶೈಲಿಯೆಂದೇ ತಿಳಿಯಿತು.

ಎರಡನೆಯ ತಪ್ಪು ಇನ್ನೂ ಗಂಭೀರ. ಮೇಲಿನ ಜೋಡಿಯನ್ನು ಮತ್ತೊಮ್ಮೆ ಓದಿ. ‘ದಂಡ ಶುಲ್ಕ’ ಎಂಬುದು ‘ದಂಡ ಬಡ್ಡಿ’ ಆಗಿದೆ. ಜನರ ಬಾಯಲ್ಲಿರುವ ಮಾತೆಂದು ತಿದ್ದಿದವರು ಹಾಗೆ ಬರೆದಿರಬೇಕು. ಆದರೆ ಕಂತು ತಪ್ಪಿದ್ದಕ್ಕೆ ದಂಡವನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ, ಪ್ರತ್ಯೇಕ ಶುಲ್ಕವಾಗಿಯೇ ಹಾಕಬೇಕು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಲೆಕ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ಹೇಳಿದೆ. ಹೊಸ ಸಾಲಗಳಿಗೆ ಅದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂದಮೇಲೆ ಈ ಎರಡು ಪದಗಳು ಒಂದೇ ಅರ್ಥದವಲ್ಲ. ಶುಲ್ಕವೆಂದರೆ ₹200, ಅಲ್ಲಿಗೆ ಮುಗಿಯಿತು. ಬಡ್ಡಿಯೆಂದರೆ ದಿನದಿನಕ್ಕೆ ಬೆಳೆಯುವುದೆಂದು ಓದುವವನು ಹೆದರುತ್ತಾನೆ. ಆ ಪದ ಬದಲಾದದ್ದು ಒಂದೇ ಜೋಡಿಯಲ್ಲಿ. ಆದರೂ 40ರಲ್ಲಿ ದಂಡದ ಮಾತಿದ್ದ 9 ಸಂದೇಶಗಳ ಪೈಕಿ 7ರಲ್ಲಿ ಟೂಲ್ ‘ಬಡ್ಡಿ’ ಎಂದೇ ಬರೆದಿತ್ತು.

ಮೂರನೆಯದು ಮೊದಲ ನೋಟಕ್ಕೆ ತಪ್ಪೆನಿಸುವುದೇ ಇಲ್ಲ. ‘ನಿಮ್ಮ ಕಂತು ಬಂದಿದೆ. ಧನ್ಯವಾದ’ ಎಂಬ ಸಂದೇಶ ಮೊದಲೇ ಚೆನ್ನಾಗಿತ್ತು. ಟೂಲ್ ಅದನ್ನೂ ತಿದ್ದಿ ಮೂರು ಸಾಲು ಮಾಡಿತು. ಅದರ ತಪ್ಪೇನೂ ಇಲ್ಲ. ತಿದ್ದದೇ ಬಿಟ್ಟ ಒಂದು ಉದಾಹರಣೆಯನ್ನೂ ನಾನು ತೋರಿಸಿರಲಿಲ್ಲ. ಬಂದದ್ದನ್ನೆಲ್ಲ ಬದಲಿಸುವುದೇ ಕೆಲಸವೆಂದು ಅದು ಭಾವಿಸಿತು.

ಹಾಗಾಗಿ ಹೊಸದಾಗಿ ಆರಿಸಿದೆ. ಈ ಸಲ 8 ಜೋಡಿಗಳು ಮಾತ್ರ. ಬಾಕಿ ನೋಟಿಸು ಎರಡು. ಸಾಲ ತೀರಿದ್ದು, ಬಡ್ಡಿದರ ಬದಲಾದದ್ದು, ದಾಖಲೆ ಕೇಳುವುದು, ದೂರಿಗೆ ಉತ್ತರ ಕೊಡುವುದು ತಲಾ ಒಂದು. ಉಳಿದ ಎರಡರಲ್ಲಿ ‘ಮೊದಲು’ ಮತ್ತು ‘ನಂತರ’ ಅಕ್ಷರಶಃ ಒಂದೇ. ಪ್ರತಿ ಜೋಡಿಯನ್ನೂ ಕಾಗದದ ಮೇಲೆ ಮುದ್ರಿಸಿ, ಎರಡೂ ಕಡೆ ಮೊತ್ತ, ದಿನಾಂಕ, ಕಾನೂನಿನ ಪದಗಳ ಕೆಳಗೆ ಗೆರೆ ಎಳೆದೆ. ಗೆರೆ ಎಳೆದದ್ದು ಎಡದಲ್ಲಿದ್ದು ಬಲದಲ್ಲಿ ಇಲ್ಲದಿದ್ದರೆ ಜೋಡಿ ಅಪಾಯಕಾರಿ: ಮಾಹಿತಿ ಬಿಡಬಹುದೆಂದು ಅದು ಕಲಿಸುತ್ತದೆ. ಬಲದಲ್ಲಿದ್ದು ಎಡದಲ್ಲಿ ಇಲ್ಲದಿದ್ದರೆ ಇನ್ನೂ ಅಪಾಯ: ಇಲ್ಲದ್ದನ್ನು ಸೇರಿಸಬಹುದೆಂದು ಕಲಿಸುತ್ತದೆ. ಗೆರೆಯಿಲ್ಲದ ಭಾಗ ಮಾತ್ರ ಬದಲಾಗಬೇಕು. ಕೊನೆಯಲ್ಲಿ ಜೋಡಿಗಳ ಕ್ರಮವನ್ನು ಅದಲು ಬದಲು ಮಾಡಿ ಮತ್ತೆ ಓಡಿಸಿದೆ. ಇಂಥ ಮಾದರಿಗಳು ಕೊನೆಗೆ ಕಂಡ ಉದಾಹರಣೆಯತ್ತ ವಾಲುವುದುಂಟು. ಕ್ರಮ ಬದಲಾದಾಗ ಫಲಿತಾಂಶವೂ ಬದಲಾದರೆ ಜೋಡಿಗಳು ಇನ್ನೂ ಗಟ್ಟಿಯಾಗಿಲ್ಲವೆಂದೇ ಅರ್ಥ.

ಅದೇ 40 ಸಂದೇಶಗಳಲ್ಲಿ ಈ ಬಾರಿ ‘ದಂಡ ಬಡ್ಡಿ’ ಎಲ್ಲೂ ಬರಲಿಲ್ಲ. ಹಾಗೆಂದು ನಂಬಿ ಕೂರುವಂತಿಲ್ಲ. ಮೊದಲಿನ ಅಂಕಿಗಳೆಲ್ಲ ನಂತರವೂ ಇವೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಂ ಒಂದನ್ನು ಬೇರೆಯಾಗಿ ಬರೆದಿದ್ದೇವೆ. ಜೋಡಿಗಳು ಧಾಟಿಯನ್ನು ಕಲಿಸುತ್ತವೆ, ಲೆಕ್ಕಕ್ಕೆ ಹೊಣೆಯಾಗುವುದಿಲ್ಲ.

ಭಾನುವಾರ ಮಾಮಾಗೆ ಫೋನ್ ಮಾಡಿ ಹೊಸ ಸಂದೇಶವನ್ನು ಓದಿ ಹೇಳಿದೆ. ‘ತಿಳೀತು’ ಎಂದವರು ಸ್ವಲ್ಪ ತಡೆದು, ‘ಆ ಇನ್ನೂರರ ಮ್ಯಾಲ ಬಡ್ಡಿ ಬೀಳತೈತೇನು?’ ಎಂದು ಕೇಳಿದರು. ಇಲ್ಲ ಎಂದೆ. ‘ಹಂಗಾದ್ರ ಅದನ್ನೂ ಬರೀರಲಾ.’

ಒಳ್ಳೆಯ ಮಾತು. ‘ನಂತರ’ದ ಕಡೆಗೆ ಆ ಸಾಲನ್ನು ಸೇರಿಸಲು ಕೈ ಹೋಗಿತ್ತು, ನಿಲ್ಲಿಸಿದೆ. ಅಲ್ಲಿ ಮಾತ್ರ ಸೇರಿಸಿದರೆ, ಮೂಲದಲ್ಲಿ ಇಲ್ಲದ ಭರವಸೆಗಳನ್ನು ಹುಟ್ಟಿಸಲು ನಾನೇ ಟೂಲ್‌ಗೆ ಹೇಳಿಕೊಟ್ಟಂತೆ. ಆ ಸಾಲು ಮೂಲ ಸಂದೇಶದಲ್ಲೇ ಇರಬೇಕಿತ್ತು. ಸೋಮವಾರ ಕಾನೂನು ವಿಭಾಗಕ್ಕೆ ಪತ್ರ ಬರೆದಿದ್ದೇನೆ. ಅವರು ಒಪ್ಪಿ ಮೂಲವನ್ನು ಬದಲಿಸಿದ ದಿನ ಆ ಜೋಡಿಯ ಎರಡೂ ಕಡೆ ಮಾಮಾನ ಸಾಲು ಸೇರುತ್ತದೆ.